ಸುಲ್ತಾನನ ಪೆನ್ನು ಮತ್ತು ಒಂದು ಬಿಳಿ ಅಂಗಿ

ಬೀಳ್ಕೊಡುಗೆ ಸಮಾರಂಭದಲ್ಲಿ ಗೆಳೆಯನನ್ನು ಹೊಗಳುತ್ತಾ ಹೊಗಳುತ್ತಾ ಒಳಗಿಂದೊಳಗೆ ಅವನ ಮಾನ ಹರಾಜು ಹಾಕುವ ಕವಿತೆ ಓದುವುದು ನಮ್ಮ ಕಾಲೇಜಿನಲ್ಲಿ ಎಷ್ಟೋ ವರ್ಷಗಳಿಂದ ನಡೆದು ಬಂದ ಪದ್ಧತಿ. ಈ ವರ್ಷ ಅದಕ್ಕೊಂದು ನಿಯಮ ಬಂತು. ಕವಿತೆಯ ಪ್ರತಿಯನ್ನು ಎರಡು ದಿನ ಮೊದಲೇ ಕಾರ್ಯಕ್ರಮ ಸಮಿತಿಯ ಉಪನ್ಯಾಸಕರಿಗೆ ಕೊಡಬೇಕು, ಅವರು ಸಹಿ ಹಾಕಿದರೆ ಮಾತ್ರ ವೇದಿಕೆ. ಮುಂದಿನ ವರ್ಷದಿಂದ ಈ ಕವಿತೆಗಳೇ ಬೇಡ, ಬದಲಿಗೆ ಒಂದು ಸಮೂಹಗೀತೆ ಸಾಕು ಎಂಬ ಮಾತೂ ಸ್ಟಾಫ್ ರೂಮಿನಿಂದ ಕೇಳಿಬರುತ್ತಿದೆ. ಈ ವರ್ಷದ ಕವಿತೆಗಳಲ್ಲಿ ಒಂದನ್ನು ಬರೆದವನು ನಾನು. ಆದ್ದರಿಂದ ನಾಲ್ಕು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಿಯಮ ಯಾಕೆ ಬಂತು ಎಂಬುದು ಎಲ್ಲರಿಗೂ ಗೊತ್ತು. ಕಳೆದ ವರ್ಷ ನಮ್ಮ ಸೀನಿಯರ್‌ಗಳ ಬೀಳ್ಕೊಡುಗೆಯಲ್ಲಿ ಓದಿದ ಒಂದು ಕವಿತೆಯಲ್ಲಿ ಒಬ್ಬ ಅಣ್ಣನ 'ಸರಳತೆ'ಯನ್ನು ಹೊಗಳಲಾಗಿತ್ತು. ಎರಡು ವರ್ಷ ಅವನು ಒಂದೇ ಬಿಳಿ ಅಂಗಿಯಲ್ಲಿ ಹೇಗೆ ಕಳೆದ, ಅಂಗಿಯ ಮೇಲೆ ಅವನಿಗೆಂಥ ನಿಷ್ಠೆ ಎಂಬ ಅರ್ಥದ ಸಾಲುಗಳು. ಸಭಾಂಗಣ ನಕ್ಕಿತು. ನಾನೂ ನಕ್ಕೆ. ಅವನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಬಿರಿಯಾನಿಯ ಸಾಲಿನಲ್ಲಿ ಅವನು ಇರಲಿಲ್ಲ. ಗ್ರೂಪ್ ಫೋಟೊದಲ್ಲೂ ಇಲ್ಲ. ಆ ಫೋಟೊ ಈಗ ಕಾರಿಡಾರಿನ ಗೋಡೆಯಲ್ಲಿದೆ. ಅವನು ನಿಲ್ಲಬೇಕಾಗಿದ್ದ ಜಾಗ ಯಾವುದೆಂದು ಹೇಳಲಾಗದು, ಯಾಕೆಂದರೆ ಉಳಿದವರು ಒತ್ತಿ ನಿಂತಿದ್ದಾರೆ.

ಆ ಕವಿತೆ ಬರೆದವನು ಕೆಟ್ಟವನಲ್ಲ. ನಾನು ಅವನ ಬಳಿ ಮಾತನಾಡಿದ್ದೇನೆ. ಎರಡನೇ ಅಂಗಿ ಯಾಕಿಲ್ಲ ಎಂದು ಅವನು ಯೋಚಿಸಿಯೇ ಇರಲಿಲ್ಲವಂತೆ. ಯೂನಿಫಾರಂ ತಾನೇ, ಎಲ್ಲರದೂ ಒಂದೇ ಥರ ಎಂದುಕೊಂಡಿದ್ದನಂತೆ.

ಈಗ ಪ್ರಶ್ನೆ: ಅಂದು ಈ ಸಹಿಯ ನಿಯಮ ಇದ್ದಿದ್ದರೆ ಆ ಸಾಲು ನಿಲ್ಲುತ್ತಿತ್ತೆ? ನಿಲ್ಲುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸರಳತೆಯನ್ನು ಹೊಗಳಿದ ಕವಿತೆಗೆ ಯಾವ ಉಪನ್ಯಾಸಕರು ಸಹಿ ಹಾಕದೆ ಇರುತ್ತಾರೆ? ಕಾಗದದ ಮೇಲೆ ಅದು ಹೊಗಳಿಕೆಯೇ. ಈ ಜಾತಿಯ ಕವಿತೆಯ ಕಸುಬೇ ಅದು, ಹೊರಗಿನವನ ಕಿವಿಗೆ ಹೊಗಳಿಕೆ, ಒಳಗಿನವನ ಕಿವಿಗೆ ಬೈಗುಳ.

ಇದು ಇಂದಿನ ಸಮಸ್ಯೆಯೂ ಅಲ್ಲ. ಅರಬ್ಬೀ ಸಾಹಿತ್ಯದಲ್ಲಿ ಪ್ರಸಿದ್ಧವಾದ ಒಂದು ಪ್ರಸಂಗವಿದೆ. ಹಝ್ರತ್ ಉಮರ್ (ರ) ಖಲೀಫರಾಗಿದ್ದ ಕಾಲ, ಅಂದರೆ 634ರಿಂದ 644ರ ನಡುವೆ. ಹುತೈಅ ಎಂಬ ಕವಿಯಿದ್ದ. ಅದು ಅವನ ನಿಜ ಹೆಸರಲ್ಲ, ಕುಳ್ಳ ಎಂಬರ್ಥದ ಅಡ್ಡಹೆಸರು. ಯಾರನ್ನೂ ಬಿಡದೆ ನಿಂದಿಸುವವನೆಂದು ಅವನಿಗೆ ಹೆಸರು. ಸ್ವಂತ ತಾಯಿಯನ್ನೂ ಬಿಟ್ಟವನಲ್ಲ, ಕೊನೆಗೆ ತನ್ನ ಮುಖದ ಮೇಲೆಯೇ ನಿಂದೆಯ ಪದ್ಯ ಕಟ್ಟಿದನೆಂದು ಕಥೆ. ಅವನು ತಮೀಮ್ ಬುಡಕಟ್ಟಿನ ಮುಖಂಡ ಝಿಬ್ರಿಕಾನ್ ಬಿನ್ ಬದ್ರ್ ಅವರ ಬಗ್ಗೆ ಒಂದು ಪದ್ಯ ಕಟ್ಟಿದ. ಅದರಲ್ಲಿನ ಒಂದು ಸಾಲಿನ ತಾತ್ಪರ್ಯ, ದೊಡ್ಡ ಕೆಲಸಗಳನ್ನು ಹುಡುಕಿಕೊಂಡು ನೀವೇಕೆ ಅಲೆಯಬೇಕು, ಆರಾಮವಾಗಿ ಕೂತಿರಿ, ನಿಮಗೆ ಊಟಕ್ಕೂ ಉಡಲಿಕ್ಕೂ ಕೊರತೆಯಿಲ್ಲವಲ್ಲ ಎಂಬಂತೆ ಇದೆ.

ನಮ್ಮ ಕಿವಿಗೆ ಇದು ಹಾರೈಕೆಯ ಹಾಗೆ ಕೇಳುತ್ತದೆ. ಝಿಬ್ರಿಕಾನರು ಮಾತ್ರ ನೇರವಾಗಿ ಖಲೀಫರ ಬಳಿಗೆ ದೂರು ತೆಗೆದುಕೊಂಡು ಹೋದರು. ಉಮರ್ (ರ) ಸಾಲನ್ನು ಕೇಳಿದರು, ಇದರಲ್ಲಿ ನಿಂದೆ ಎಲ್ಲಿದೆ, ಹೆಚ್ಚೆಂದರೆ ಸ್ವಲ್ಪ ಆಕ್ಷೇಪ ಇರಬಹುದಷ್ಟೆ ಎಂದರು. ಝಿಬ್ರಿಕಾನರು ಒಪ್ಪಲಿಲ್ಲ. ನನ್ನ ಘನತೆಯೆಲ್ಲ ಉಣ್ಣುವುದು ಉಡುವುದರಲ್ಲೇ ಮುಗಿಯಿತೆ ಎಂಬುದು ಅವರ ಸಂಕಟ. ಬುಡಕಟ್ಟಿನ ಮುಖಂಡನ ದೊಡ್ಡತನ ಇನ್ನೊಬ್ಬರಿಗೆ ಉಣ್ಣಿಸುವುದರಲ್ಲಿ, ಉಡಿಸುವುದರಲ್ಲಿ ಇತ್ತು. ಅಂಥವನನ್ನು 'ಉಂಡು ಉಟ್ಟು ಸುಖವಾಗಿರುವವನು' ಎಂದರೆ ಅವನನ್ನು ಕೊಡುವ ಕೈಯಿಂದ ತೆಗೆದು ಪಡೆಯುವ ಕೈಗೆ ಇಳಿಸಿದ ಹಾಗೆ. ಒಂದೇ ಒಂದು ಕೆಟ್ಟ ಪದವಿಲ್ಲದೆ ಅವರ ಜೀವನವನ್ನೇ ಹುತೈಅ ತಲೆಕೆಳಗು ಮಾಡಿದ್ದ.

ಇಲ್ಲಿ ಉಮರ್ (ರ) ಮಾಡಿದ ಕೆಲಸ ನನಗೆ ಬಹಳ ಮುಖ್ಯವೆಂದು ತೋರುತ್ತದೆ. ತಮಗೆ ನಿಂದೆ ಕಾಣಲಿಲ್ಲ, ಆದ್ದರಿಂದ ನಿಂದೆ ಇಲ್ಲ ಎಂದು ಅವರು ತೀರ್ಪು ಕೊಡಲಿಲ್ಲ. ಕಾವ್ಯದ ಒಳಹೊರಗು ಬಲ್ಲ ಹಸ್ಸಾನ್ ಬಿನ್ ಸಾಬಿತ್ (ರ) ಅವರನ್ನು ಕರೆಸಿ ಕೇಳಿದರು. ಇದು ನಿಂದೆ ಮಾತ್ರವಲ್ಲ, ಅದಕ್ಕಿಂತಲೂ ಕೀಳು ಎಂಬುದು ಹಸ್ಸಾನರ ಉತ್ತರದ ಸಾರ. ಅವರು ಬಳಸಿದ ಮಾತನ್ನು ಹಾಗೇ ನಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಲಾಗದು, ಕುತೂಹಲವಿದ್ದವರು ಅರಬಿಕ್ ಉಪನ್ಯಾಸಕರನ್ನು ಕೇಳಬಹುದು. (ಅವರು ಹೇಳುವುದಿಲ್ಲ. ನಾನು ಕೇಳಿ ನೋಡಿದ್ದೇನೆ.) ಹುತೈಅ ಜೈಲಿಗೆ ಹೋದ. ಅಲ್ಲಿಂದ ತನ್ನ ಪುಟ್ಟ ಮಕ್ಕಳ ಹಸಿವಿನ ಬಗ್ಗೆ ಪದ್ಯ ಬರೆದು ಕಳಿಸಿ ಖಲೀಫರ ಕಣ್ಣಲ್ಲಿ ನೀರು ತರಿಸಿ ಹೊರಬಂದ. ಇನ್ನು ಮುಂದೆ ಯಾರನ್ನೂ ನಿಂದಿಸಬಾರದೆಂದು ಅವನ ಬಾಯಿಗೆ ಹಣ ಕೊಟ್ಟು ಬೀಗ ಹಾಕಲಾಯಿತು ಎಂದೂ ಹೇಳುತ್ತಾರೆ.

ನಮ್ಮ ಸಮಿತಿಯ ಉಪನ್ಯಾಸಕರು ಈಗ ನಿಂತಿರುವುದು ಮೊದಲ ಸಲ ಆ ಸಾಲು ಕೇಳಿದ ಖಲೀಫರ ಜಾಗದಲ್ಲಿ. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ. ಆದರೆ ತರಗತಿಯ ಒಳಗಿನ ಗುಟ್ಟು ಅವರಿಗೆ ತಿಳಿಯದು. 'ಸರಳತೆ' ಎಂದರೆ ಅಂಗಿ, 'ಮಿತಭಾಷಿ' ಎಂದರೆ ತೊದಲು, 'ಮಿತಾಹಾರಿ' ಎಂದರೆ ಮಧ್ಯಾಹ್ನ ಬುತ್ತಿ ತರದವನು ಎಂದು ಅವರಿಗೆ ಯಾರು ಹೇಳಬೇಕು?

ಹಾಗಾದರೆ ಕವಿತೆಯನ್ನೇ ನಿಲ್ಲಿಸಿಬಿಡಬಹುದಲ್ಲ ಎಂದರೆ, ಅದಕ್ಕೆ ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವುದು ಒಳ್ಳೆಯದು. ನಾನು ಬರೆದದ್ದನ್ನೇ ಇಡುತ್ತೇನೆ. ಗೆಳೆಯನ ಹೆಸರು ಇಲ್ಲಿ ಬೇಡ, ಕವಿತೆಯಲ್ಲಿ ಅವನು ಸುಲ್ತಾನ. ಹಿಂದಿನ ಬೆಂಚಿನ ಸುಲ್ತಾನ.

ಬಡಿದ ಗಂಟೆಯ ಸದ್ದು ಅಡಗಲು
ನಡೆದು ಬರುವನು ರಾಜಗತಿಯಲಿ
ಹಿಡಿದ ಪುಸ್ತಕ ವರುಷ ಕಳೆದರು ಹೊಸದರಂತಿಹುದೈ
ಕೊಡುವ ಮಾತಿಗೆ ಕೊರತೆಯಿಲ್ಲವು
ಪಡೆದ ಪೆನ್ನನು ಜೀವದಂತೆಯೆ
ಬಿಡದೆ ಕಾಯುವ ದೊರೆಗೆ ಸಮನಾರ್ ಜಗದಿ ತೋರಿಸಿರೈ

ಕುಮಾರವ್ಯಾಸನನ್ನು ಓದಿದವರಿಗೆ ಇದು ಭಾಮಿನಿ ಷಟ್ಪದಿ ಎಂದು ಕೂಡಲೇ ಗೊತ್ತಾಗುತ್ತದೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು, ಹೀಗೆ ಹದಿನಾಲ್ಕು. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಅದೇ ಮೂರು-ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು ಇಪ್ಪತ್ತಮೂರು. ಬಡಿದ | ಗಂಟೆಯ | ಸದ್ದು | ಅಡಗಲು ಎಂದು ಬೆರಳು ಮಡಚಿ ಎಣಿಸಬಹುದು. ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಡಕಾರ ಇರುವುದು ಪ್ರಾಸಕ್ಕಾಗಿ. ಇದನ್ನು ದೊಡ್ಡ ಪಾಂಡಿತ್ಯವೆಂದು ಹೇಳುತ್ತಿಲ್ಲ, ಪರೀಕ್ಷೆಗೆ ಕಲಿತದ್ದು ಒಮ್ಮೆಯಾದರೂ ಉಪಯೋಗಕ್ಕೆ ಬಂತು ಅಷ್ಟೆ. ಆದರೆ ಈ ಛಂದಸ್ಸನ್ನೇ ಆರಿಸಿಕೊಳ್ಳಲು ಕಾರಣವಿದೆ. ಕುರುಕ್ಷೇತ್ರದ ವೀರರು ನಡೆದಾಡಿದ ದಾರಿಯಲ್ಲಿ ನಮ್ಮ ಸುಲ್ತಾನ ಸಾಲ ತಂದ ಪೆನ್ನು ಹಿಡಿದು ನಡೆದು ಬಂದರೆ ಅರ್ಧ ನಗು ಅಲ್ಲಿಯೇ ಹುಟ್ಟಿರುತ್ತದೆ. ಓದುವವನು ಮುಖ ಗಂಭೀರವಾಗಿ ಇಟ್ಟುಕೊಂಡರೆ ಸಾಕು.

ಈಗ ಒಳಗೆ ನೋಡಿ. ಇದರಲ್ಲಿ ಒಂದು ಸುಳ್ಳೂ ಇಲ್ಲ. ಗಂಟೆ ಬಡಿದ ಮೇಲೆಯೇ ಅವನು ಬರುತ್ತಾನೆ, ಅವಸರವಿಲ್ಲದೆ ಬರುತ್ತಾನೆ. ಪುಸ್ತಕ ಹೊಸದಾಗಿಯೇ ಇದೆ, ಏಕೆಂದರೆ ಅದನ್ನು ತೆರೆದದ್ದು ಹೆಸರು ಬರೆಯಲು ಮಾತ್ರ. ಮಾತು ಕೊಡುವುದಕ್ಕೆ ನಿಜವಾಗಿಯೂ ಕೊರತೆಯಿಲ್ಲ, ನಾಳೆ ತರುತ್ತೇನೆ ಎಂದು ದಿನಕ್ಕೆ ನಾಲ್ಕು ಸಲ ಕೊಡುತ್ತಾನೆ. ಉಳಿಸಿಕೊಳ್ಳುವುದರ ಬಗ್ಗೆ ಸಾಲು ಮೌನವಾಗಿದೆ. ಪೆನ್ನನ್ನು ಅವನು ಕಾಯುತ್ತಾನೆ, ಯಾರ ಪೆನ್ನು ಎಂದು ಹೇಳಿಲ್ಲ. ಗುಟ್ಟೆಲ್ಲ ಇರುವುದು ಈ ಹೇಳದೆ ಬಿಟ್ಟ ಅರ್ಧದಲ್ಲಿ.

ಸುಳ್ಳು ಹೊಗಳಿಕೆ ಬೇರೆ ವಸ್ತು. ದಪ್ಪಗಿರುವವನನ್ನು ಜಿಂಕೆಯಂತೆ ಓಡುವವನೆಂದರೆ ಅದು ಮರೆಯ ಬೈಗುಳವಲ್ಲ, ಬಯಲ ಬೈಗುಳ, ಬಾಗಿಲಲ್ಲಿ ನಿಂತ ವಾಚ್‌ಮ್ಯಾನ್‌ಗೂ ಅರ್ಥವಾಗುತ್ತದೆ. ನಮ್ಮಲ್ಲಿ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಹೊಗಳಿಕೆ ಸಿಗದಾಗ ಉತ್ಪ್ರೇಕ್ಷೆ, ಉತ್ಪ್ರೇಕ್ಷೆ ಸಾಲದಾಗ ಬಣ್ಣ, ತೂಕ, ಎತ್ತರ. ಒಳ್ಳೆಯ ಸಾಲನ್ನು ಕಂಡುಹಿಡಿಯಲು ಒಂದು ಸುಲಭ ಪರೀಕ್ಷೆಯಿದೆ. ಹುಡುಗನ ಪರಿಚಯವೇ ಇಲ್ಲದವರಿಗೆ ಅದನ್ನು ಓದಿ ಹೇಳಿ. ಅವರು ಎಂಥ ಒಳ್ಳೆಯ ಹುಡುಗ ಎಂದರೆ ಸಾಲು ಗೆದ್ದಿತು. ನಾನು ಮನೆಯಲ್ಲಿ ಉಮ್ಮನಿಗೆ ಓದಿದೆ. ಪುಸ್ತಕದ ಸಾಲು ಬಂದಾಗ ಉಮ್ಮ, 'ನೋಡು, ಅವನಿಂದ ಕಲಿ, ನಿನ್ನ ಪುಸ್ತಕಗಳ ಅವಸ್ಥೆ ನೋಡು' ಎಂದರು. ಆ ಸಾಲನ್ನು ಇನ್ನು ಯಾರು ಹೇಳಿದರೂ ಬದಲಾಯಿಸುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ.

ಕನ್ನಡದಲ್ಲಿ ಇದಕ್ಕೆ ವ್ಯಾಜಸ್ತುತಿ ಎಂಬ ಅಲಂಕಾರದ ಹೆಸರೇ ಇದೆ. ಹೊಗಳಿಕೆಯ ನೆಪದಲ್ಲಿ ನಿಂದೆ, ನಿಂದೆಯ ನೆಪದಲ್ಲಿ ಹೊಗಳಿಕೆ, ಎರಡೂ ಅದರಲ್ಲಿ ಸೇರುತ್ತವೆ. ಪುರಂದರದಾಸರಂಥ ಹರಿದಾಸರು ದೇವರನ್ನೇ ಬೈದ ಹಾಗೆ ಬೈದು ಭಕ್ತಿ ಹೇಳುವ ನಿಂದಾಸ್ತುತಿಗಳನ್ನು ಹಾಡಿದ್ದಾರೆ. ಅರಬ್ಬೀ ಅಲಂಕಾರಶಾಸ್ತ್ರವಾದ ಬಲಾಗದಲ್ಲೂ ಇಂಥ ಜೋಡಿಯಿದೆ. ಅವನಲ್ಲಿ ಯಾವ ದೋಷವೂ ಇಲ್ಲ, ಒಂದನ್ನು ಬಿಟ್ಟು ಎಂದು ಶುರುಮಾಡಿ, ಕೇಳುವವನು ದೋಷಕ್ಕೆ ಕಿವಿ ನಿಮಿರಿಸಿದಾಗ, ಕೇಳಿದವರಿಗೆ ಇಲ್ಲ ಎನ್ನಲು ಬರುವುದಿಲ್ಲ ಎಂದು ಇನ್ನೊಂದು ಹೊಗಳಿಕೆ ಇಡುವುದು ಒಂದು ಬಗೆ. ತಿರುಗಿಸಿದರೆ, ಅವನಲ್ಲಿ ಒಳ್ಳೆಯದೇನೂ ಇಲ್ಲ, ಒಂದನ್ನು ಬಿಟ್ಟು ಎಂದು ಹೇಳಿ, ತಿಂದ ಮನೆಯವರನ್ನು ಬೈಯುವಾಗ ಧ್ವನಿ ತಗ್ಗಿಸುತ್ತಾನೆ ಎನ್ನುವುದು ಇನ್ನೊಂದು ಬಗೆ. ಎರಡು ಭಾಷೆಗಳ ಪಂಡಿತರು ಬೇರೆ ಬೇರೆ ಕಡೆ ಕೂತು ಇದಕ್ಕೆ ಹೆಸರಿಟ್ಟಿದ್ದಾರೆ ಎಂದ ಮೇಲೆ ಹಿಂದಿನ ಬೆಂಚಿನವರನ್ನು ಮಾತ್ರ ದೂರುವುದು ಅನ್ಯಾಯ.

ಇನ್ನು ನನ್ನ ಕವಿತೆಯ ನಿಜವಾದ ವಿಷಯಕ್ಕೆ ಬರುತ್ತೇನೆ. ಮೇಲೆ ಕೊಟ್ಟದ್ದು ಎರಡನೆಯ ಪ್ರತಿ. ಮೊದಲ ಪ್ರತಿಯಲ್ಲಿ ಮೂರನೆಯ ಸಾಲು ಹೀಗಿತ್ತು:

ಒಡನೆ ಮೊದಲನೆ ತಾಸಿನಲ್ಲಿಯೆ ತಪಕೆ ಕೂರುವನೈ

ರಾಜನ ಹಾಗೆ ನಡೆದು ಬಂದವನು ಬಂದೊಡನೆ ತಪಸ್ವಿಯಾಗಿಬಿಡುತ್ತಾನೆ. ತರಗತಿಗೆಲ್ಲ ಗೊತ್ತು, ಮೊದಲ ಪಿರಿಯಡ್‌ನಲ್ಲಿ ಸುಲ್ತಾನ ಕಣ್ಣು ಮುಚ್ಚಿ ಕೂರುತ್ತಾನೆ, ವಾರದಲ್ಲಿ ಮೂರು ದಿನವಾದರೂ. ಮಾತ್ರೆ ಸರಿಯಿತ್ತು, ಪ್ರಾಸ ಸರಿಯಿತ್ತು, ಸುಳ್ಳು ಇರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಆರು ಸಾಲುಗಳಲ್ಲಿ ಅದೇ ಅತ್ಯುತ್ತಮ. ಸಮಿತಿಯ ಉಪನ್ಯಾಸಕರೂ ಅದನ್ನು ಓದಿ ನಕ್ಕು ಸಹಿ ಹಾಕಿದ್ದರು. ಅಂದರೆ ನಿಯಮದ ಪ್ರಕಾರ ನನ್ನ ಕವಿತೆ ಪಾಸಾಗಿತ್ತು.

ಆದರೂ ಕಳೆದ ವರ್ಷದ ಅಂಗಿ ತಲೆಯಲ್ಲಿತ್ತು. ಸಮಾರಂಭದ ಹಿಂದಿನ ದಿನ ಅಸರ್ ನಮಾಝ್ ಮುಗಿಸಿ ಹೊರಬಂದಾಗ ಅವನನ್ನು ಚಪ್ಪಲಿ ಬಿಡುವ ಕಟ್ಟೆಯ ಮೇಲೆ ಕೂರಿಸಿ ಓದಿ ಹೇಳಿದೆ. ರಾಜಗತಿಗೆ ನಕ್ಕ. ಪೆನ್ನಿಗೆ ಬಿದ್ದು ಬಿದ್ದು ನಕ್ಕ, 'ಅದು ಇನ್ನೂ ಜೋರಾಗಿ ಓದಬೇಕು ಮಾರಾಯ' ಎಂದ. ತಪಸ್ಸಿನ ಸಾಲಿಗೂ ನಕ್ಕ. ಆದರೆ ಆ ನಗು ಒಂದು ಕ್ಷಣ ತಡವಾಗಿ ಬಂತು. ಕಳೆದ ವರ್ಷ ಆ ಅಣ್ಣ ನಕ್ಕ ನಗುವನ್ನು ನಾನು ನೋಡಿರದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

'ಏನು?' ಎಂದೆ.

'ಏನಿಲ್ಲ. ಇರಲಿ ಬಿಡು, ಚೆನ್ನಾಗಿದೆ.'

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ ಹೇಳಿದ. ಎರಡು ವರ್ಷದಿಂದ ವಾರಕ್ಕೆ ಮೂರು ನಾಲ್ಕು ದಿನ ಬೆಳಗಿನ ಜಾವ ಮೂರು ಗಂಟೆಗೆ ಮಾಮನ ಜೊತೆ ದಕ್ಕೆಗೆ ಹೋಗುತ್ತಾನಂತೆ. ಬೋಟಿನಿಂದ ಇಳಿದ ಮೀನಿನ ಬುಟ್ಟಿಗಳನ್ನು ಟೆಂಪೊಗೆ ಹೇರುವುದು, ಮಂಜುಗಡ್ಡೆ ಹಾಕುವುದು. ಮನೆಗೆ ಬಂದು ಸ್ನಾನ ಮಾಡಿ ಕಾಲೇಜಿಗೆ. ತರಗತಿಯಲ್ಲಿ ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ. 'ವಾಸನೆ ಬರುತ್ತದೆ ಅಂತ ಯಾರಾದರೂ ಹೇಳಿಯಾರು ಅಂತ' ಎಂದ.

ನನ್ನ ಅತ್ಯುತ್ತಮ ಸಾಲಿನ ಗತಿ ಹೀಗಾಯಿತು. ಅದು ಇನ್ನೊಂದು ಬಿಳಿ ಅಂಗಿಯಾಗಿತ್ತು, ನಾನು ನೋಡಿರಲಿಲ್ಲ ಅಷ್ಟೆ. ಹಾಗಾದರೆ ತಡವಾಗಿ ಬರುವ ಸಾಲೂ ಹೋಗಬೇಕು, ಅದಕ್ಕೂ ಇದೇ ಕಾರಣವಿರಬೇಕು ಎಂದು ಹೊಡೆದುಹಾಕಲು ಹೊರಟೆ. ಅವನು ಕಾಗದ ಕಸಿದುಕೊಂಡ. 'ಅದನ್ನು ಮುಟ್ಟಬೇಡ. ದಕ್ಕೆಯಿಂದ ನಾನು ಏಳಕ್ಕೇ ಮನೆಯಲ್ಲಿರುತ್ತೇನೆ. ಬಸ್ಸೂ ಸರಿಯಾಗಿ ಬರುತ್ತದೆ. ತಡವಾಗುವುದು ಸ್ಟಾಪಿನ ಎದುರಿನ ಹೋಟೆಲಿನಲ್ಲಿ ಬಿಸಿ ಗೋಳಿಬಜೆ ತೆಗೆಯುವುದು ಕಾಲೇಜಿನ ಗಂಟೆ ಹೊಡೆಯುವ ಹೊತ್ತಿಗೆ ಅಂತ.'

ನಿದ್ದೆ ಅವನು ಆರಿಸಿಕೊಂಡದ್ದಲ್ಲ, ಗೋಳಿಬಜೆ ಅವನೇ ಆರಿಸಿಕೊಂಡದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರದ ತಮಾಷೆ. ಹಾಗಾಗಿಯೇ ಯಾವ ವಿಷಯದ ಮೇಲೆ ಬರೆಯಬಹುದು, ಯಾವುದರ ಮೇಲೆ ಬರೆಯಬಾರದು ಎಂದು ನೋಟಿಸ್ ಬೋರ್ಡಿಗೆ ಒಂದು ಪಟ್ಟಿ ಅಂಟಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ ಎಂದು ನನಗೆ ಅನಿಸುತ್ತದೆ. ಬಣ್ಣ, ಮೈಕಟ್ಟು, ಮನೆಯ ಸ್ಥಿತಿ ಬೇಡ ಎನ್ನುವುದು ಸರಿ. ಅಡ್ಡಹೆಸರಿಟ್ಟು ಕರೆಯಬೇಡಿ, ಗೇಲಿ ಮಾಡಬೇಡಿ, ಗೇಲಿಗೆ ಒಳಗಾದವರು ನಿಮಗಿಂತ ಒಳ್ಳೆಯವರಿರಬಹುದು ಎಂದು ಅಲ್ ಹುಜುರಾತ್ ಅಧ್ಯಾಯದ 11ನೇ ಸೂಕ್ತವೇ ನಮಗೆ ಹೇಳಿದೆ, ಅದಕ್ಕೆ ಸಮಿತಿಯ ನಿಯಮ ಬೇಕಾಗಿಲ್ಲ. ಆದರೆ ಪೆನ್ನು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ನಮ್ಮ ಸುಲ್ತಾನ ಪೆನ್ನು ಕೊಳ್ಳಲು ಕಾಸಿಲ್ಲದೆ ಸಾಲ ಕೇಳುವವನಾಗಿದ್ದರೆ ಅದೇ ಐದನೆಯ ಸಾಲು ಮನುಷ್ಯನನ್ನು ಮನೆಗೆ ಓಡಿಸುತ್ತಿತ್ತು. ಯಾವುದು ಯಾವುದೆಂದು ಬಲ್ಲವನು ಒಬ್ಬನೇ, ಯಾರ ಮೇಲೆ ಬರೆದಿದ್ದೇವೆಯೋ ಅವನು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನಿಯಮ ಇರಲಿ, ಆದರೆ ಸಹಿಯ ಜಾಗ ಬದಲಾಗಲಿ. ಕವಿತೆಯ ಕೆಳಗೆ ಮೊದಲ ಸಹಿ ಹೊಗಳಿಸಿಕೊಳ್ಳುವವನದ್ದಾಗಲಿ. ಅವನಿಗೆ ಒಬ್ಬಂಟಿಯಾಗಿ ಓದಿ ಹೇಳಬೇಕು. ಹತ್ತು ಜನರ ನಡುವೆ ಓದಿದರೆ ಬೇಡ ಎನ್ನಲು ಅವನಿಗೂ ಧೈರ್ಯ ಬರುವುದಿಲ್ಲ. ಕಾಗದ ಕೈಗೆ ಕೊಟ್ಟು ಓದಿಕೋ ಎನ್ನುವುದೂ ಸಾಲದು, ಮುಖ ನೋಡುತ್ತಾ ಓದಬೇಕು, ಯಾವ ಸಾಲಿಗೆ ನಗು ತಡವಾಗಿ ಬಂತು ಎಂದು ನೋಡಬೇಕು. ಅವನು ಇರಲಿ ಬಿಡು ಎಂದರೆ ಆ ಸಾಲನ್ನು ತೆಗೆಯಬೇಕು. ಬೇಡ ಎಂದು ಬಾಯಿಬಿಟ್ಟು ಹೇಳುವ ತನಕ ಕಾಯಬಾರದು. ಇದಾದ ಮೇಲೆ ಉಪನ್ಯಾಸಕರು ನೋಡಲಿ, ವೇದಿಕೆಗೆ ಸಲ್ಲದ ಮಾತಿದ್ದರೆ ಅವರಿಗೆ ಗೊತ್ತಾಗುತ್ತದೆ.

ಮೊದಲೇ ಗೊತ್ತಾದರೆ ಮಜಾ ಹೋಗುತ್ತದೆ ಎಂದು ನನ್ನ ಸಹಪಾಠಿಗಳಲ್ಲಿ ಅನೇಕರು ವಾದಿಸಿದರು. ಅವರ ಪ್ರಕಾರ, ವೇದಿಕೆಯ ಮೇಲೆ ಗೆಳೆಯನ ಮುಖ ಬಿಳಿಚಿಕೊಳ್ಳುವುದನ್ನು ನೋಡುವುದೇ ಇದರ ಸ್ವಾರಸ್ಯ. ನನಗೆ ಈ ವಾದದಲ್ಲಿ ಹುರುಳು ಕಾಣಲಿಲ್ಲ. ಮುಖ ಬಿಳಿಚಿಕೊಳ್ಳುವುದನ್ನು ನೋಡಬೇಕಿದ್ದರೆ ಫಲಿತಾಂಶದ ದಿನ ಕಾಲೇಜಿಗೆ ಬಂದರೆ ಸಾಕು. ಈ ಕವಿತೆಯಲ್ಲಿ ಬೆರಗಾಗಬೇಕಾದವರು ಸಭೆಯಲ್ಲಿ ಕೂತವರು. ಮುಂದಿನ ಸಾಲಿನಲ್ಲಿ ಕೂತ ಹಿರಿಯರು ಎಂಥ ಒಳ್ಳೆಯ ಹುಡುಗ ಎಂದು ತಲೆದೂಗುತ್ತಿರಬೇಕು, ಹಿಂದಿನ ಸಾಲುಗಳು ಮೇಜು ಬಡಿಯುತ್ತಿರಬೇಕು, ನಡುವೆ ಕೂತ ಸುಲ್ತಾನ ಎರಡೂ ಕಡೆಗೆ ಸಲಾಂ ಹೇಳುತ್ತಿರಬೇಕು. ತನ್ನ ಪಾತ್ರ ಏನೆಂದು ಮೊದಲೇ ಗೊತ್ತಿದ್ದರೆ ಅವನು ಅದನ್ನು ಇನ್ನೂ ಚೆನ್ನಾಗಿ ಮಾಡುತ್ತಾನೆ.

ಕವಿತೆಗಳನ್ನು ನಿಲ್ಲಿಸಿ ಸಮೂಹಗೀತೆ ಹಾಡುವುದಕ್ಕೆ ನನ್ನ ವಿರೋಧ ಯಾಕೆಂದರೆ, ಅದರಲ್ಲಿ ಯಾರನ್ನೂ ಗಮನಿಸಬೇಕಾಗಿಲ್ಲ. ನಮ್ಮ ತರಗತಿಯಲ್ಲಿ ಅರವತ್ತಕ್ಕೂ ಮಿಕ್ಕಿ ಹುಡುಗರು. ಕಾಲೇಜಿನ ಕಣ್ಣಿಗೆ ನಾವು ರಿಜಿಸ್ಟರ್ ನಂಬರುಗಳು, ಅದು ತಪ್ಪಲ್ಲ, ಅಷ್ಟು ಜನರನ್ನು ಬೇರೆ ಹೇಗೆ ನೋಡಲಾದೀತು. ಒಬ್ಬನನ್ನು ಬಯ್ಯುವ ಹಾಗೆ ಹೊಗಳಬೇಕಾದರೆ ಅವನನ್ನು ಎರಡು ವರ್ಷ ನೋಡಿರಬೇಕು. ಅವನ ಪುಸ್ತಕದ ಹಾಳೆ ಮಡಚಿಲ್ಲ ಎಂದು ಗೊತ್ತಿರಬೇಕು. ಅರಬ್ಬರಲ್ಲಿ ಒಂದು ಕುಲಕ್ಕೆ ಒಂಟೆಯ ಮೂಗು ಎಂಬರ್ಥದ ಹೆಸರಿತ್ತಂತೆ, ಅವರು ಅದನ್ನು ಹೇಳಿಕೊಳ್ಳಲು ನಾಚುತ್ತಿದ್ದರಂತೆ. ಅದೇ ಹುತೈಅ, ಹೌದು ಅದೇ ಮನುಷ್ಯ, ಮುಂದೆ ಇರುವುದು ಮೂಗು, ಹಿಂದೆ ಇರುವುದು ಬಾಲ ಎಂಬ ಧಾಟಿಯಲ್ಲಿ ಒಂದು ಪದ್ಯ ಹೇಳಿದ ಮೇಲೆ ಅವರು ಆ ಹೆಸರನ್ನು ಹೆಮ್ಮೆಯಿಂದ ಹೇಳಿಕೊಳ್ಳತೊಡಗಿದರು. ಜೈಲಿಗೆ ಕಳಿಸಿದ ನಾಲಿಗೆಯೇ ಅದನ್ನೂ ಮಾಡಿತು.

ಸುಲ್ತಾನನಿಗೂ ಅಂಥದೇನೋ ಆಯಿತೆಂದು ನಾನು ಹೇಳುವುದಿಲ್ಲ. ತಪಸ್ಸಿನ ಸಾಲು ತೆಗೆದು ಪುಸ್ತಕದ ಸಾಲು ಹಾಕಲು ರಾತ್ರಿ ಹನ್ನೊಂದಾಯಿತು, 'ಹೊಸದರಂತಿಹುದೈ' ಸಿಗುವ ತನಕ ಎರಡು ಮಾತ್ರೆ ಹೆಚ್ಚಾಗುತ್ತಲೇ ಇತ್ತು. ದಕ್ಕೆಯ ವಿಷಯ ಈ ಲೇಖನದಲ್ಲಿ ಬರೆಯಬಹುದೇ ಎಂದು ಅವನನ್ನೇ ಕೇಳಿದೆ. ಈಗ ಬರೆ, ಪರೀಕ್ಷೆ ಮುಗಿದ ಮೇಲೆ ಪತ್ರಿಕೆ ಬರುವುದು ತಾನೇ ಎಂದ. ಹೆಸರು ಬೇಡ ಎಂದದ್ದೂ ಅವನೇ.

ಸಮಾರಂಭದ ದಿನ ನಾನು ಮೊದಲ ಸಾಲು ಓದುವಾಗ ಅವನು ಸಭಾಂಗಣದಲ್ಲಿ ಇರಲಿಲ್ಲ. ಎದೆ ಹೊಡೆದುಕೊಂಡಿತು. ಎರಡನೆಯ ಸಾಲಿಗೆ ಹಿಂದಿನ ಬಾಗಿಲು ತೆರೆಯಿತು. ಕೈ ಬೀಸಿಕೊಂಡು, ಯಾವ ಅವಸರವೂ ಇಲ್ಲದೆ, ನಡುವಿನ ದಾರಿಯಲ್ಲಿ ನಡೆದು ಬಂದ. ಅವನು ನಡೆದು ಮುಗಿಯುವ ತನಕ ನಾನು ಮೂರನೆಯ ಸಾಲು ಓದಲಾಗಲಿಲ್ಲ, ಅಷ್ಟು ಗದ್ದಲ. ಪ್ರಾಂಶುಪಾಲರು ಪಕ್ಕದಲ್ಲಿದ್ದವರ ಬಳಿ ಏನೋ ಕೇಳುತ್ತಿದ್ದರು. ಕವಿತೆ ಮುಗಿದ ಮೇಲೆ ವೇದಿಕೆ ಹತ್ತಿ ಮೈಕಿನ ಮುಂದೆ ನಿಂತು ಜೇಬಿನಿಂದ ಒಂದು ರಬ್ಬರ್ ಬ್ಯಾಂಡ್ ಸುತ್ತಿದ ಪೆನ್ನುಗಳ ಕಟ್ಟು ತೆಗೆದು ಮೇಜಿನ ಮೇಲೆ ಇಟ್ಟ. ಒಟ್ಟು ಒಂಬತ್ತು. ಮೂರಕ್ಕೆ ಕ್ಯಾಪ್ ಇರಲಿಲ್ಲ. ನನ್ನದು ಅದರಲ್ಲಿ ಇರಲೇ ಇಲ್ಲ, ಕೇಳಿದರೆ ನಾಳೆ ತರುತ್ತೇನೆ ಎಂದ.